ತೆಳು ಆಯತಗಳಿಂದ ಅನುಕಲದವರೆಗೆ: ಶ್ರೇಣಿಯ ಮಿತಿಯನ್ನು ಗುರುತಿಸುವ ಬಗೆ

1/(n+1) + 1/(n+2) + … + 1/(2n) ಎಂಬ ಮೊತ್ತದಲ್ಲಿ ಒಟ್ಟು n ಪದಗಳಿವೆ. n ದೊಡ್ಡದಾಗುತ್ತ ಹೋದಂತೆ ಒಂದೊಂದು ಪದವೂ ಸೊನ್ನೆಯ ಕಡೆಗೆ ಕುಗ್ಗುತ್ತದೆ. ಆದ್ದರಿಂದ ಇಡೀ ಮೊತ್ತವೂ ಸೊನ್ನೆಯಾಗುತ್ತದೆ ಎಂದು ಬರೆಯುವುದು ಪ್ರವೇಶ ಪರೀಕ್ಷೆಗಳಲ್ಲಿ ಆಗಾಗ ಕಾಣುವ ತಪ್ಪು. ಪದಗಳು ಕುಗ್ಗುವಷ್ಟೇ ವೇಗದಲ್ಲಿ ಅವುಗಳ ಸಂಖ್ಯೆ ಏರುತ್ತಿರುವುದನ್ನು ಆ ಉತ್ತರ ಮರೆಯುತ್ತದೆ. ಇಲ್ಲಿರುವ ಅತಿ ಚಿಕ್ಕ ಪದ 1/(2n). ಅಂಥ n ಪದಗಳನ್ನು ಕೂಡಿದರೂ 1/2 ಬರುತ್ತದೆ. ಪ್ರತಿ ಪದವೂ 1/n ಗಿಂತ ಚಿಕ್ಕದಾದ್ದರಿಂದ ಮೊತ್ತ 1 ನ್ನು ಮುಟ್ಟುವುದಿಲ್ಲ. ಹಾಗಾದರೆ ಮಿತಿ 1/2 ಮತ್ತು 1 ರ ನಡುವೆ ಎಲ್ಲೋ ಇದೆ.

ಲೆಕ್ಕ ಹಾಕಿದರೆ n = 1 ಆದಾಗ ಮೊತ್ತ 0.5, n = 4 ಆದಾಗ 0.6345, n = 10 ಆದಾಗ 0.6688, n = 100 ಆದಾಗ 0.6907. ಬೆಲೆ ಏರುತ್ತಿದೆ, ಆದರೆ ಏರಿಕೆ ನಿಧಾನವಾಗುತ್ತಿದೆ. ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೂಡುತ್ತ ಹೋಗಿ ತಿಳಿಯಲಾಗದು. ಆ ಮೊತ್ತವನ್ನು ಒಂದು ವಕ್ರರೇಖೆಯ ಕೆಳಗಿನ ವಿಸ್ತೀರ್ಣವೆಂದು ಗುರುತಿಸಿದಾಗ ಉತ್ತರ ಎರಡೇ ಸಾಲಿನಲ್ಲಿ ಸಿಗುತ್ತದೆ.

ಆಯತಗಳು ಎಲ್ಲಿ ಅಡಗಿವೆ

y = f(x) ಎಂಬ ರೇಖೆಯ ಕೆಳಗೆ, x = 0 ಯಿಂದ x = 1 ರವರೆಗಿನ ಜಾಗವನ್ನು n ಸಮಾನ ಪಟ್ಟಿಗಳಾಗಿ ಸೀಳಿದರೆ ಪ್ರತಿ ಪಟ್ಟಿಯ ಅಗಲ 1/n. ಪಟ್ಟಿಗಳ ಬಲತುದಿಗಳು 1/n, 2/n, 3/n ಎಂದು ಸಾಗಿ n/n, ಅಂದರೆ 1 ರಲ್ಲಿ ಮುಗಿಯುತ್ತವೆ. ಪ್ರತಿ ಪಟ್ಟಿಯ ಮೇಲೆ ಅದರ ಬಲತುದಿಯಲ್ಲಿ ರೇಖೆ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರದ ಆಯತವನ್ನು ನಿಲ್ಲಿಸಿದರೆ, r ನೆಯ ಆಯತದ ವಿಸ್ತೀರ್ಣ (1/n)·f(r/n) ಆಗುತ್ತದೆ. f ಅಖಂಡವಾಗಿ ಸಾಗುವ ಫಂಕ್ಷನ್ ಆಗಿದ್ದರೆ, ಪಟ್ಟಿಗಳು ತೆಳುವಾದಂತೆ ಆಯತಗಳ ಒಟ್ಟು ವಿಸ್ತೀರ್ಣ ರೇಖೆಯ ಕೆಳಗಿನ ನಿಜವಾದ ವಿಸ್ತೀರ್ಣವನ್ನು ಸಮೀಪಿಸುತ್ತದೆ. ಆ ಮಿತಿಯೇ ನಿಶ್ಚಿತ ಅನುಕಲ:

lim (1/n) Σ f(r/n) = ∫₀¹ f(x) dx  (r = 1 ರಿಂದ n ವರೆಗೆ)

ಅನುಕಲದ ಚಿಹ್ನೆಯಲ್ಲಿಯೇ ಈ ಸಂಬಂಧ ಅಚ್ಚಾಗಿದೆ. ಲೈಬ್ನಿಟ್ಸ್ 1675 ರಲ್ಲಿ ಬಳಕೆಗೆ ತಂದ ∫, ಮೊತ್ತ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರವಾದ S ನ ಉದ್ದನೆಯ ರೂಪ. ಮೊತ್ತದಿಂದ ಅನುಕಲಕ್ಕೆ ದಾಟುವಾಗ Σ ಇದ್ದಲ್ಲಿ ∫, r/n ಇದ್ದಲ್ಲಿ x, 1/n ಇದ್ದಲ್ಲಿ dx ಬರುತ್ತದೆ.

ಮೊದಲಿನ ಮೊತ್ತಕ್ಕೆ ಮರಳಿದರೆ, ಅದರ r ನೆಯ ಪದ 1/(n+r). ಇದರಲ್ಲಿ 1/n ಎಲ್ಲೂ ಎದ್ದು ಕಾಣುವುದಿಲ್ಲ, ಅದನ್ನು ಹೊರತೆಗೆಯಬೇಕು. ಛೇದದಿಂದ n ನ್ನು ಹೊರಗಿಟ್ಟರೆ ಪದವು (1/n) · 1/(1 + r/n) ಆಗುತ್ತದೆ. ಅಗಲ 1/n, ಎತ್ತರ 1/(1 + r/n). ರೇಖೆ y = 1/(1+x) ಎಂದು ತಿಳಿದ ಕೂಡಲೇ ಮಿತಿಯು ∫₀¹ dx/(1+x), ಅಂದರೆ ln 2 ಆಗುತ್ತದೆ. ಇದರ ಬೆಲೆ ಸುಮಾರು 0.6931. n = 100 ಕ್ಕೆ ಸಿಕ್ಕ 0.6907 ಅದರ ಹತ್ತಿರವೇ ಇದೆ.

ಇದೇ ಉಪಾಯದಿಂದ (1ᵖ + 2ᵖ + … + nᵖ)/nᵖ⁺¹ ಎಂಬುದರ ಮಿತಿ ∫₀¹ xᵖ dx, ಅಂದರೆ 1/(p+1) ಎಂದು ಸಿಗುತ್ತದೆ. ಅನುಕಲದ ಚಿಹ್ನೆ ಹುಟ್ಟುವ ಮೊದಲೇ ಕೇರಳದ ಗಣಿತಜ್ಞರು p ಧನ ಪೂರ್ಣಾಂಕವಾಗಿರುವಾಗಿನ ಈ ಮಿತಿಯನ್ನು ತಿಳಿದಿದ್ದರು. ಜ್ಯೇಷ್ಠದೇವನು 16 ನೆಯ ಶತಮಾನದಲ್ಲಿ ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ' ಗ್ರಂಥದಲ್ಲಿ ವೃತ್ತದ ಪರಿಧಿಯ ಶ್ರೇಣಿಯನ್ನು ಸಾಧಿಸುವಾಗ ಇಂಥ ಘಾತಗಳ ಮೊತ್ತವನ್ನೇ ಬಳಸಲಾಗಿದೆ.

ಎಲ್ಲೆಗಳನ್ನು ಓದುವುದು

ಅನುಕಲದ ಎಲ್ಲೆಗಳು ಯಾವಾಗಲೂ 0 ಮತ್ತು 1 ಎಂದು ಬಾಯಿಪಾಠ ಮಾಡಿಕೊಂಡವರು ಮುಂದಿನ ಪ್ರಶ್ನೆಯಲ್ಲಿ ಎಡವುತ್ತಾರೆ. 1/(n+1) + 1/(n+2) + … + 1/(3n) ಎಂಬ ಮೊತ್ತದಲ್ಲಿ r ನೆಯ ಪದ ಮೊದಲಿನಂತೆಯೇ ಇದೆ, ಆದರೆ ಕೊನೆಯ ಪದಕ್ಕೆ r = 2n. ಮೊದಲ ಪದದ r/n ಎಂಬುದು 1/n. ಅದು 0 ಗೆ ಹೋಗುತ್ತದೆ. ಕೊನೆಯ ಪದದ r/n ಎಂಬುದು 2. ಆದ್ದರಿಂದ ಅನುಕಲವು 0 ಯಿಂದ 2 ರವರೆಗೆ ಸಾಗುತ್ತದೆ, ಉತ್ತರ ln 3. ಎಲ್ಲೆಗಳನ್ನು ಊಹಿಸಬೇಕಾಗಿಯೇ ಇಲ್ಲ. ಮೊದಲ ಮತ್ತು ಕೊನೆಯ r ಬೆಲೆಗಳನ್ನು n ನಿಂದ ಭಾಗಿಸಿ ಮಿತಿ ತೆಗೆದುಕೊಂಡರೆ ಸಾಕು.

ಎಣಿಕೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬುದು ಲೆಕ್ಕ ಮಾಡುವವರ ಆಯ್ಕೆ. ಮೊದಲ ಉದಾಹರಣೆಯ ಪದವನ್ನೇ 1/k ಎಂದು ಬರೆದು k ಯನ್ನು n+1 ರಿಂದ 2n ವರೆಗೆ ಓಡಿಸಿದರೆ, k/n ಎಂಬುದು 1 ರಿಂದ 2 ರವರೆಗೆ ಸಾಗುತ್ತದೆ. ಆಗ ಅನುಕಲ ∫₁² dx/x. ಉತ್ತರ ಮತ್ತೆ ln 2. ರೇಖೆ ಒಂದು ಮಾನ ಬಲಕ್ಕೆ ಸರಿದಿದೆ, ಎಲ್ಲೆಗಳೂ ಅದರ ಜೊತೆಗೆ ಸರಿದಿವೆ. ರೇಖೆ ಒಂದು ಎಣಿಕೆಯದು, ಎಲ್ಲೆಗಳು ಇನ್ನೊಂದರವು ಎಂದು ಬೆರೆಸಿದಾಗ ಮಾತ್ರ ಉತ್ತರ ಕೆಡುತ್ತದೆ.

ಅನುಕಲವಾಗದ ಮೊತ್ತಗಳು

ಅನುಕಲದಂತೆ ಕಾಣುವ ಮೊತ್ತಗಳೆಲ್ಲ ಅನುಕಲಗಳಲ್ಲ. ಇದನ್ನು ಪರೀಕ್ಷಿಸಲು ಸರಳ ದಾರಿಯಿದೆ: r ಮತ್ತು n ಎರಡಕ್ಕೂ ಒಂದೇ ತೂಕ ಕೊಟ್ಟು ಪದದ ಘಾತವನ್ನು ಎಣಿಸಬೇಕು. ಅಂಶದ ಘಾತದಿಂದ ಛೇದದ ಘಾತವನ್ನು ಕಳೆದಾಗ −1 ಬಂದರೆ, 1/n ಹೊರಗೆ ಬಂದು ಉಳಿದದ್ದೆಲ್ಲ r/n ನಲ್ಲಿಯೇ ಬರೆಯಲು ಬರುತ್ತದೆ. n/(n²+r²) ಎಂಬ ಪದದಲ್ಲಿ ಅಂಶದ ಘಾತ 1, ಛೇದದ್ದು 2, ವ್ಯತ್ಯಾಸ −1. ಅದರ ಮೊತ್ತ ∫₀¹ dx/(1+x²) ಆಗಿ π/4 ಕೊಡುತ್ತದೆ. ವ್ಯತ್ಯಾಸ −2 ಆದರೆ ಮಿತಿ ಸೊನ್ನೆ. R/n³ ಇದಕ್ಕೆ ಉದಾಹರಣೆ. ವ್ಯತ್ಯಾಸ 0 ಆದರೆ, r/n ನಲ್ಲಿ ಆಗುವಂತೆ, ಮೊತ್ತ ಸಾಮಾನ್ಯವಾಗಿ ಮಿತಿಯಿಲ್ಲದೆ ಬೆಳೆಯುತ್ತದೆ.

ಈ ಎಣಿಕೆ ಕೆಲಸಕ್ಕೆ ಬರಬೇಕಾದರೆ ಛೇದದ ಎಲ್ಲ ಭಾಗಗಳ ಘಾತವೂ ಒಂದೇ ಆಗಿರಬೇಕು. 1/√(n²+r²) ಮತ್ತು 1/√(n²+r) ಎಂಬ ಎರಡು ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ n² ಮತ್ತು r² ಸಮಾನ ಘಾತದವು. ಮೊತ್ತ ∫₀¹ dx/√(1+x²) ಆಗಿ ln(1+√2), ಅಂದರೆ ಸುಮಾರು 0.8814 ಕೊಡುತ್ತದೆ. ಎರಡನೆಯದರಲ್ಲಿ n² ನ ಪಕ್ಕ ಒಂಟಿ r ಇದೆ. n ಹೊರಗೆ ಬಂದಾಗ ಒಳಗೆ ಉಳಿಯುವುದು r/n² ಮಾತ್ರ; ಅದನ್ನು x ಎಂದು ಕರೆಯಲಾಗದು. ಇಲ್ಲಿ ಬೇಕಾದದ್ದು ಎರಡು ಕಡೆಯಿಂದ ಒತ್ತಿ ಹಿಡಿಯುವ ವಿಧಾನ. n ಪದಗಳಲ್ಲಿ ಅತಿ ದೊಡ್ಡದು 1/√(n²+1), ಅತಿ ಚಿಕ್ಕದು 1/√(n²+n). ಎರಡನ್ನೂ n ನಿಂದ ಗುಣಿಸಿದರೆ ಎರಡೂ 1 ಕ್ಕೇ ಹೋಗುತ್ತವೆ, ನಡುವೆ ಸಿಕ್ಕ ಮೊತ್ತವೂ 1 ಕ್ಕೆ ಹೋಗುತ್ತದೆ. r ನ ತಲೆಯ ಮೇಲೆ ಒಂದು 2 ಇದೆಯೋ ಇಲ್ಲವೋ ಎಂಬುದರ ಮೇಲೆ ವಿಧಾನವೂ ಉತ್ತರವೂ ಬದಲಾಗುತ್ತವೆ.

ಮಿತಿಗಿಂತ ಹೆಚ್ಚೋ ಕಡಿಮೆಯೋ

2008 ರ ಐಐಟಿ ಪ್ರವೇಶ ಪರೀಕ್ಷೆಯ ಒಂದು ಪ್ರಶ್ನೆ ಮಿತಿಯನ್ನಷ್ಟೇ ಕೇಳದೆ ಚಿತ್ರವನ್ನೂ ಪರೀಕ್ಷಿಸಿತು. ಅಲ್ಲಿ n/(n²+kn+k²) ಎಂಬ ಒಂದೇ ಪದದಿಂದ ಎರಡು ಮೊತ್ತಗಳಿದ್ದವು: Sₙ ನಲ್ಲಿ k ಬೆಲೆ 1 ರಿಂದ n ವರೆಗೆ, Tₙ ನಲ್ಲಿ 0 ಯಿಂದ n−1 ರವರೆಗೆ. ಎರಡರ ಮಿತಿಯೂ ∫₀¹ dx/(1+x+x²), ಅಂದರೆ π/(3√3), ಸುಮಾರು 0.6046. ಪ್ರಶ್ನೆಯಿದ್ದದ್ದು ಯಾವ ಮೊತ್ತ ಈ ಬೆಲೆಗಿಂತ ಚಿಕ್ಕದು, ಯಾವುದು ದೊಡ್ಡದು ಎಂಬುದು.

y = 1/(1+x+x²) ಎಂಬ ರೇಖೆ 0 ಯಿಂದ 1 ರವರೆಗೆ ಇಳಿಯುತ್ತಲೇ ಹೋಗುತ್ತದೆ. ಇಳಿಯುವ ರೇಖೆಗೆ ಪಟ್ಟಿಯ ಬಲತುದಿಯೇ ಅತಿ ತಗ್ಗಿನ ಜಾಗ. Sₙ ನ ಆಯತಗಳು ಬಲತುದಿಯ ಎತ್ತರದವಾದ್ದರಿಂದ ರೇಖೆಯ ಕೆಳಗೇ ಉಳಿಯುತ್ತವೆ. Tₙ ನ ಆಯತಗಳು ಎಡತುದಿಯ ಎತ್ತರದವು, ಅವು ರೇಖೆಯನ್ನು ಮೀರುತ್ತವೆ. ಹೀಗಾಗಿ ಪ್ರತಿ n ಗೂ Sₙ < π/(3√3) < Tₙ. n = 2 ಕ್ಕೆ S₂ = 0.4524, T₂ = 0.7857, ನಿಜವಾದ ಬೆಲೆ ಇವೆರಡರ ನಡುವೆ ಇದೆ. ಎರಡು ಮೊತ್ತಗಳಲ್ಲಿ ಬೇರೆಯಾಗಿರುವುದು ಮೊದಲ ಮತ್ತು ಕೊನೆಯ ಆಯತ ಮಾತ್ರ, ಆದ್ದರಿಂದ ಅವುಗಳ ಅಂತರ (1/n)(f(0) − f(1)) = 2/(3n). n ಬೆಳೆದಂತೆ ಈ ಅಂತರ ಸೊನ್ನೆಯಾಗುವುದೇ ಎರಡರ ಮಿತಿಯೂ ಒಂದೇ ಎಂಬುದಕ್ಕೆ ಸಾಕ್ಷಿ. 1/(n+1) + … + 1/(2n) ಯಾವಾಗಲೂ ln 2 ಗಿಂತ ಕೆಳಗೇ ಇದ್ದುದಕ್ಕೂ ಇದೇ ಕಾರಣ.

ಗುಣಲಬ್ಧ ಬಂದಾಗ

ಕೆಲವು ಪ್ರಶ್ನೆಗಳಲ್ಲಿ ಮೊತ್ತದ ಬದಲು ಗುಣಲಬ್ಧ ಇರುತ್ತದೆ. (n!)^(1/n)/n ಎಂಬುದರ ಮಿತಿ ಇದಕ್ಕೆ ಪ್ರಸಿದ್ಧ ಉದಾಹರಣೆ. n! ನಲ್ಲಿ n ಗುಣಕಗಳಿವೆ. ಹೊರಗಿನ n ನ್ನು ಮೂಲದ ಒಳಗೆ ತಂದರೆ ಪ್ರತಿ ಗುಣಕಕ್ಕೂ ಒಂದೊಂದು n ಸಿಕ್ಕು, ಒಳಗೆ (1/n)(2/n)…(n/n) ಆಗುತ್ತದೆ. ಲಾಗರಿದಮ್ ತೆಗೆದುಕೊಂಡರೆ ಗುಣಾಕಾರವೆಲ್ಲ ಸಂಕಲನವಾಗಿ (1/n) Σ ln(r/n) ಸಿಗುತ್ತದೆ. ಇದರ ಮಿತಿ ∫₀¹ ln x dx = −1. ಇದು ಲಾಗರಿದಮ್ಮಿನ ಮಿತಿ, ಮೂಲ ಪ್ರಶ್ನೆಯದಲ್ಲ. ಆದ್ದರಿಂದ ಉತ್ತರ e⁻¹, ಸುಮಾರು 0.3679. −1 ಎಂದೇ ಬರೆದು ನಿಲ್ಲಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಧನ ಸಂಖ್ಯೆಗಳ ಗುಣಲಬ್ಧದ ಮಿತಿ ಋಣವಾಗಲಾರದು ಎಂಬ ಒಂದು ಯೋಚನೆಯೇ ಆ ತಪ್ಪನ್ನು ಹಿಡಿದುಕೊಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. x ಸೊನ್ನೆಯ ಹತ್ತಿರ ಬಂದಾಗ ln x ಕೆಳಮುಖವಾಗಿ ಮಿತಿಯಿಲ್ಲದೆ ಇಳಿಯುತ್ತದೆ, ಆದ್ದರಿಂದ ಅಖಂಡ ಫಂಕ್ಷನ್ನಿನ ನಿಯಮ ನೇರವಾಗಿ ಅನ್ವಯಿಸದು. ಆದರೆ ln x ಒಂದೇ ಸಮನೆ ಏರುವ ಫಂಕ್ಷನ್. ಹಾಗಾಗಿ ಆಯತಗಳ ಮೊತ್ತವನ್ನು ಕೆಳಗಿನಿಂದ −1, ಮೇಲಿನಿಂದ −1 + (1 + ln n)/n ಹಿಡಿದಿಡುತ್ತವೆ. ಇವುಗಳ ಅಂತರ ಸೊನ್ನೆಗೆ ಹೋಗುವುದರಿಂದ ಉತ್ತರ ಸರಿಯಾಗಿ ನಿಲ್ಲುತ್ತದೆ. ಆದರೆ ಅಂತರ ಕುಗ್ಗುವುದು ನಿಧಾನ: n = 10 ಕ್ಕೆ ಮೂಲ ಬೆಲೆ 0.4529, n = 100 ಕ್ಕೆ 0.3799.

ಹೀಗೆ ಪ್ರತಿ ಪ್ರಶ್ನೆಯಲ್ಲೂ ಕೆಲಸದ ಕ್ರಮ ಒಂದೇ: r ನೆಯ ಪದವನ್ನು ಬರೆಯುವುದು, ಘಾತ ಎಣಿಸಿ 1/n ನ್ನು ಹೊರತೆಗೆಯುವುದು, ಉಳಿದದ್ದನ್ನು r/n ನಲ್ಲಿ ಹೇಳುವುದು, ಮೊದಲ ಮತ್ತು ಕೊನೆಯ r/n ನಿಂದ ಎಲ್ಲೆಗಳನ್ನು ಓದುವುದು. ಇವುಗಳಲ್ಲಿ 1/n ಹೊರಬಂದ ಮೇಲೂ ಒಂಟಿ r ಅಥವಾ ಒಂಟಿ n ಒಳಗೆ ಉಳಿದುಕೊಂಡರೆ, ಆ ಮೊತ್ತವನ್ನು ಹಾಗೆಯೇ ಅನುಕಲವೆಂದು ಬರೆಯಬಾರದು.