ಧಾರೆಯ ಹೊತ್ತಿಗೆ ಎಷ್ಟು ಕ್ಯಾಮೆರಾ?

ಮದುವೆ ಫೋಟೋದ ರೇಟು ಕೇಳಿಕೊಂಡು ಸ್ಟುಡಿಯೋಗೆ ಬಂದವರಿಗೆ ನಾನು ಮೊದಮೊದಲು ಒಂದು ಬಣ್ಣದ ಹಾಳೆ ಕೊಡುತ್ತಿದ್ದೆ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ಕಾಲಂ, ಒಂದೊಂದರ ಕೆಳಗೂ ಹದಿನಾಲ್ಕು ಸಾಲು. ಮೊದಲನೆಯದರಲ್ಲಿ 40 ಶೀಟಿನ ಆಲ್ಬಮ್, ಎರಡನೆಯದರಲ್ಲಿ 45, ಮೂರನೆಯದರಲ್ಲಿ 50. ಜೊತೆಗೆ ಮಿನಿ ಬುಕ್, ಕ್ಯಾಲೆಂಡರ್, ಫೋಟೋ ಇರುವ ಮಗ್. ಒಂದು ದಿನ ಹುಡುಗಿಯ ಸೋದರಮಾವ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಓದಿ ಕೇಳಿದರು: "ಸಾರ್, ಐದು ಶೀಟಿಗೂ ಒಂದು ಕ್ಯಾಲೆಂಡರಿಗೂ ಹದಿನೈದು ಸಾವಿರ ಜಾಸ್ತಿ ಯಾಕೆ ಕೊಡಬೇಕು?"

ನನ್ನ ಬಳಿ ಉತ್ತರ ಇರಲಿಲ್ಲ. ಅವರು ಸಿಲ್ವರ್ ತೆಗೆದುಕೊಂಡು, ಅದರಲ್ಲೂ ಐದು ಸಾವಿರ ಇಳಿಸಿ, ಕ್ಯಾಲೆಂಡರನ್ನು ಬಿಟ್ಟಿ ಹಾಕಿಸಿಕೊಂಡು ಹೋದರು. ತಪ್ಪು ಅವರದಲ್ಲ. ಮೂರು ಪ್ಯಾಕೇಜುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲದಿದ್ದರೆ ಬುದ್ಧಿ ಇರುವ ಯಾರೂ ಅಗ್ಗದ್ದನ್ನೇ ಹಿಡಿಯುತ್ತಾರೆ.

ಹಾಗಾದರೆ ಮೂರು ಯಾಕೆ ಬೇಕು, ಒಂದೇ ರೇಟು ಹೇಳಿದರಾಗದೇ? ಇದಕ್ಕೆ ಕ್ಯಾಮೆರಾ ಮೇಲೆಯೇ ನಡೆದ ಒಂದು ಪ್ರಯೋಗದಲ್ಲಿ ಉತ್ತರವಿದೆ. ಇಟಮಾರ್ ಸೈಮನ್‌ಸನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಸಂಶೋಧಕರು 1992ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು 170 ಡಾಲರಿನ ಮತ್ತು 240 ಡಾಲರಿನ ಎರಡು ಮಿನೋಲ್ಟಾ ಕ್ಯಾಮೆರಾಗಳನ್ನು ತೋರಿಸಿ ಯಾವುದು ಬೇಕು ಎಂದು ಕೇಳಿದಾಗ ಜನ ಸರಿಸಮ ಅರ್ಧರ್ಧ ಹಂಚಿಹೋದರು. ಇನ್ನೊಂದು ಗುಂಪಿಗೆ ಇವೆರಡರ ಜೊತೆ 470 ಡಾಲರಿನ ಮೂರನೆಯದನ್ನೂ ತೋರಿಸಿದರು. ಆಗ ನಡುವಿನದನ್ನು ಆರಿಸಿದವರು ನೂರಕ್ಕೆ 57 ಮಂದಿ. ಎರಡೇ ಇದ್ದಾಗ ದುಬಾರಿಯಾಗಿ ಕಂಡದ್ದು ಮೂರು ಆದ ಕೂಡಲೇ ಹದವಾಗಿ ಕಂಡಿತು. ಮದುವೆ ಮನೆಯಲ್ಲಿ ಈ ಸ್ವಭಾವ ಇನ್ನೂ ಗಟ್ಟಿ. ತೀರಾ ಕಡಿಮೆ ಮಾಡಿದರೆ ಬೀಗರು ಏನಂದುಕೊಂಡಾರು, ತೀರಾ ಹೆಚ್ಚಾದರೆ ಛತ್ರದ ಬಾಕಿ ಹೇಗೆ ಕಟ್ಟೋದು ಎಂಬ ಎರಡು ಅಳುಕಿನ ನಡುವೆ ತಂದೆತಾಯಿ ಕೂತಿರುತ್ತಾರೆ.

ಈ ಸ್ವಭಾವವನ್ನು ತಿಳಿದು ಅದನ್ನೇ ದುಡಿಸಿಕೊಳ್ಳುವವರಿದ್ದಾರೆ. ಯಾರೂ ಕೊಳ್ಳದ ಒಂದು ಭಾರೀ ಪ್ಯಾಕೇಜನ್ನು ಬರೀ ಹೆದರಿಸಲೆಂದು ಮೇಲೆ ಇಡುತ್ತಾರೆ. ಕೆಳಗಿನದನ್ನು ಬೇಕೆಂದೇ ಕುಲಗೆಡಿಸಿ ಗಿರಾಕಿಯನ್ನು ನಡುವಿಗೆ ತಳ್ಳುತ್ತಾರೆ. ಇದು ಮೋಸ ಎಂದೇ ನಾನು ಹೇಳುತ್ತೇನೆ. ನಾನೂ ಒಮ್ಮೆ ಅರಿಯದೆ ಅದೇ ಕೆಲಸ ಮಾಡಿದೆ. ಚಿಕ್ಕ ಪ್ಯಾಕೇಜು ಎಂದು ಧಾರೆಗೆ ಒಬ್ಬನೇ ಹೋದೆ. ಮಾಂಗಲ್ಯ ಕಟ್ಟುವಾಗ ಮಂಟಪದ ಸುತ್ತ ಕೂತಿದ್ದವರೆಲ್ಲ ಅಕ್ಷತೆ ಹಿಡಿದು ಎದ್ದರು. ನನ್ನ ಮುಂದೆ ಒಬ್ಬ ಹಿರಿಯರು ಕೈ ಎತ್ತಿ ನಿಂತುಬಿಟ್ಟರು. ತಾಳಿಯ ಚಿತ್ರ ಹೇಗೋ ಸಿಕ್ಕಿತು. ಹುಡುಗಿಯ ಅಪ್ಪ ಆ ಗಳಿಗೆಯಲ್ಲಿ ಅತ್ತದ್ದು ಮಾತ್ರ ಎಲ್ಲೂ ಇಲ್ಲ. ಅದನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಅಂದಿನಿಂದ ನನ್ನ ಹಾಳೆಯಲ್ಲಿ ಮೊದಲು ಬರೆಯುವುದು ಮೂರರಲ್ಲೂ ಒಂದೇ ಆಗಿರುವ ಸಂಗತಿಗಳನ್ನು. ಮುಹೂರ್ತದ ಹೊತ್ತಿಗೆ ಎರಡು ದಿಕ್ಕಿನಿಂದ ಫೋಟೋ ಇರಲೇಬೇಕು. ಅತಿ ಚಿಕ್ಕ ಪ್ಯಾಕೇಜಿನಲ್ಲಿ ಲೈಟ್ ಹಿಡಿಯುವ ಹುಡುಗನಿಗೇ ತರಬೇತಿ ಕೊಟ್ಟು ಆ ಹದಿನೈದು ನಿಮಿಷ ಎರಡನೇ ಕ್ಯಾಮೆರಾ ಕೊಡುತ್ತೇನೆ. ಇನ್ನೊಂದು, ಕ್ಯಾಮೆರಾದಲ್ಲಿ ಎರಡು ಕಾರ್ಡ್ ಹಾಕಿ ಪ್ರತಿ ಚಿತ್ರವೂ ಎರಡರಲ್ಲೂ ಬೀಳುವಂತೆ ಇಡುವುದು, ಅಂದು ರಾತ್ರಿಯೇ ಎರಡು ಹಾರ್ಡ್‌ಡಿಸ್ಕಿಗೆ ಇಳಿಸುವುದು. ಕಾರ್ಡ್ ಕೆಟ್ಟು ಮದುವೆಯೇ ಮಾಯವಾದ ಸಂಕಟವನ್ನು ಕಡಿಮೆ ಹಣ ಕೊಟ್ಟವರ ಪಾಲಿಗೆ ಬಿಡುವಂತಿಲ್ಲ. ಬಣ್ಣ ತಿದ್ದುವುದು, ಆಲ್ಬಮಿನ ಕಾಗದ, ಕೊಡುವ ಗಡುವು, ಇವೂ ಮೂರಕ್ಕೂ ಒಂದೇ. ಕೆಲಸದ ಗುಣ ಹಣ ನೋಡಿ ಬದಲಾಗಬಾರದು. ಬದಲಾಗಬೇಕಾದ್ದು ಎರಡೇ: ಎಷ್ಟು ಹೊತ್ತು ಇರುತ್ತೇವೆ, ಎಷ್ಟು ಜನ ಬರುತ್ತೇವೆ.

ಹೆಸರುಗಳನ್ನೂ ಬದಲಿಸಿದೆ. ಬೆಳ್ಳಿ, ಬಂಗಾರ ಎಂದರೆ ಬೆಳ್ಳಿ ತೆಗೆದುಕೊಂಡವರ ಮನಸ್ಸು ಸುಮ್ಮನೆ ಸಣ್ಣದಾಗುತ್ತದೆ. ಈಗ ಮೊದಲನೆಯದರ ಹೆಸರು 'ಧಾರೆ'. ಬೆಳಿಗ್ಗೆ ಆರರಿಂದ ಮಧ್ಯಾಹ್ನದ ಊಟದವರೆಗೆ, ಒಬ್ಬ ಫೋಟೋಗ್ರಾಫರ್, ಒಬ್ಬ ವಿಡಿಯೋದವನು, ಒಬ್ಬ ಸಹಾಯಕ, 30 ಶೀಟಿನ ಆಲ್ಬಮ್. ಎರಡನೆಯದು 'ಆರತಕ್ಷತೆ ಮತ್ತು ಧಾರೆ'. ಹಿಂದಿನ ಸಂಜೆಯೂ ಸೇರುತ್ತದೆ, ಕ್ಯಾಂಡಿಡ್ ತೆಗೆಯಲೆಂದೇ ಇನ್ನೊಬ್ಬ ಬರುತ್ತಾನೆ, ಆಲ್ಬಮ್ 40 ಶೀಟು, ನಾಲ್ಕೈದು ನಿಮಿಷದ ಒಂದು ಕಿರುಚಿತ್ರ. ಮೂರನೆಯದು 'ಚಪ್ಪರದಿಂದ'. ಮನೆಯಲ್ಲಿ ನಡೆಯುವ ಚಪ್ಪರ, ಅರಿಶಿನ ಶಾಸ್ತ್ರದಿಂದ ಹಿಡಿದು ಮೂರು ದಿನ, ಎರಡನೇ ವಿಡಿಯೋದವನು, ಅರ್ಧ ಗಂಟೆಯ ಚಿತ್ರ, ಎರಡೂ ಮನೆಗೆ ಒಂದೊಂದು ಆಲ್ಬಮ್. ಸ್ಟುಡಿಯೋಗೆ ಬಂದವರು ಮನೆಗೆ ಹೋಗಿ ಅಜ್ಜಿಗೆ ಒಂದೊಂದು ವಾಕ್ಯದಲ್ಲಿ ಇದನ್ನು ಹೇಳಲು ಸಾಧ್ಯವಾಗಬೇಕು. ವ್ಯತ್ಯಾಸ ಸ್ಪಷ್ಟವಿದೆಯೇ ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಅದು.

ಇನ್ನು ಹಣದ ಮಾತು. ಇದು ನನ್ನೊಬ್ಬನ ಲೆಕ್ಕ, ಊರಿಂದ ಊರಿಗೆ ಬೇರೆಯಾಗುತ್ತದೆ. 'ಧಾರೆ'ಗೆ ಹುಡುಗರ ಕೂಲಿ, ಎಡಿಟಿಂಗ್, ಆಲ್ಬಮಿನ ವಿನ್ಯಾಸ ಮತ್ತು ಪ್ರಿಂಟು, ಓಡಾಟ ಎಲ್ಲ ಸೇರಿ 28,000 ಖರ್ಚು ಬರುತ್ತದೆ. ಅದನ್ನು 40,000ಕ್ಕೆ ಕೊಡುತ್ತೇನೆ. ಎರಡನೆಯದಕ್ಕೆ ಕ್ಯಾಂಡಿಡ್‌ನವನಿಗೆ ಎರಡು ಹೊತ್ತಿಗೆ 14,000, ವಿಡಿಯೋದವನ ಮತ್ತು ಬಾಡಿಗೆ ಲೈಟುಗಳ ಸಂಜೆಯ ಲೆಕ್ಕ 9,000, ಸಹಾಯಕನಿಗೆ 1,000, ಹೆಚ್ಚಿನ ಹತ್ತು ಶೀಟಿಗೆ 3,000, ಕಿರುಚಿತ್ರದ ಎಡಿಟಿಂಗ್‌ಗೆ 5,000. ಅಂದರೆ ಖರ್ಚು 32,000 ಏರಿ 60,000 ಆಗುತ್ತದೆ, ಬೆಲೆ 85,000. ಮೂರನೆಯದರ ಖರ್ಚು 1,20,000, ಬೆಲೆ 1,60,000.

ಮೇಲ್ನೋಟಕ್ಕೆ ಮೂರನೆಯದರಲ್ಲೇ ಲಾಭ ಹೆಚ್ಚು: 12,000, 25,000, 40,000. ಆದರೆ ನನ್ನ ದಿನಗಳನ್ನು ಎಣಿಸಿದರೆ ಕತೆ ಬೇರೆ. ಶೂಟಿಂಗ್, ಚಿತ್ರ ಆರಿಸುವುದು, ತಿದ್ದುಪಡಿ ಎಲ್ಲ ಸೇರಿ ಮೊದಲನೆಯದು ನಾಲ್ಕು ದಿನ ತಿನ್ನುತ್ತದೆ, ಎರಡನೆಯದು ಆರು, ಮೂರನೆಯದು ಹತ್ತು. ದಿನಕ್ಕೆ ಉಳಿಯುವುದು 3,000, ಸುಮಾರು 4,200, ಮತ್ತು 4,000. ನಡುವಿನದು ಹೆಚ್ಚು ಹೋದರೆ ನನಗೆ ಒಳ್ಳೆಯದು, ಸರಿ. ಆದರೂ ಯಾವುದು ಹೋದರೂ ನಷ್ಟವಿಲ್ಲ ಎಂಬುದೇ ನನಗೆ ಮುಖ್ಯ. ಮೊದಲನೆಯದನ್ನು ಖರ್ಚಿನ ಬೆಲೆಗೇ ಇಟ್ಟು 'ಹೇಗೂ ಯಾರೂ ಕೇಳುವುದಿಲ್ಲ' ಎಂದುಕೊಂಡವರಿಗೆ ಆಷಾಢ ಮುಗಿದ ಮೇಲಿನ ಲಗ್ನಗಳಲ್ಲಿ ಅದೇ ಮೇಲಿಂದ ಮೇಲೆ ಬಂದು, ದುಡಿದು ದುಡಿದು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬೆಲೆಗಳ ನಡುವಿನ ಅಂತರವೂ ಅಷ್ಟೇ ನಾಜೂಕು. ಎರಡನೆಯದನ್ನು ಒಮ್ಮೆ 60,000ಕ್ಕೆ ಇಟ್ಟು ನೋಡಿದೆ. ಎಲ್ಲರೂ ಅದನ್ನೇ ಕೇಳಿದರು, ಸಂಜೆಯಿಡೀ ನಾನು ಪುಕ್ಕಟೆ ದುಡಿದೆ. 1,10,000ಕ್ಕೆ ಏರಿಸಿದಾಗ ಮೊದಲನೆಯದನ್ನೇ ಹಿಡಿದು "ಸಂಜೆ ಸ್ವಲ್ಪ ಬಂದು ಹೋಗಿ ಸಾರ್" ಎನ್ನತೊಡಗಿದರು. ಈ ಮಾತು ಮೇಲಿಂದ ಮೇಲೆ ಕೇಳಿಬಂದರೆ ಒಂದಕ್ಕೂ ಎರಡಕ್ಕೂ ನಡುವೆ ಹಳ್ಳ ದೊಡ್ಡದಾಗಿದೆ ಎಂದೇ ಅರ್ಥ.

ಚೌಕಾಸಿ ಇದ್ದೇ ಇರುತ್ತದೆ. ನಮ್ಮಲ್ಲಿ ಚೌಕಾಸಿ ಮಾಡದೆ ಮದುವೆಯ ಸೀರೆಯನ್ನೂ ತರುವುದಿಲ್ಲ, ಅದರಲ್ಲಿ ಬೇಸರಪಡುವಂಥದ್ದೇನಿಲ್ಲ. ಎಂಬತ್ತೈದನ್ನು ಎಪ್ಪತ್ತೈದು ಮಾಡಿ ಎಂದರೆ, "ಮಾಡೋಣ, ಕಿರುಚಿತ್ರ ಮತ್ತು ಹತ್ತು ಶೀಟು ಬಿಡೋಣ" ಎನ್ನುತ್ತೇನೆ. ಬೆಲೆ ಇಳಿದ ಹಾಗೆ ಕೆಲಸವೂ ಇಳಿಯಬೇಕು. ಕೆಲಸ ಹಾಗೇ ಇಟ್ಟು ಬೆಲೆ ಮಾತ್ರ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ಬೆಲೆ ಎಂದು ನಾನೇ ಒಪ್ಪಿಕೊಂಡಂತೆ.

ಡ್ರೋನನ್ನು ನಾನು ಯಾವ ಪ್ಯಾಕೇಜಿಗೂ ಸೇರಿಸುವುದಿಲ್ಲ. ಅದನ್ನು ದೊಡ್ಡ ಪ್ಯಾಕೇಜಿನ ಕಿರೀಟ ಮಾಡುವವರೇ ಹೆಚ್ಚು, ಆದರೆ ಅದು ನಮ್ಮ ಕೈಯಲ್ಲಿರುವ ಮಾತಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ದುಡಿಮೆಗಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದ ಸುತ್ತಮುತ್ತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಹತ್ತಿರ ಛತ್ರ ಹಿಡಿದವರಿಗೆ ಡ್ರೋನ್ ಮಾತು ಕೊಟ್ಟು ಕೊನೆಗೆ ಕೈಚೆಲ್ಲಿದರೆ ಇಡೀ ಪ್ಯಾಕೇಜಿಗೇ ಕೆಟ್ಟ ಹೆಸರು. ಹಾಗಾಗಿ ಡ್ರೋನ್, ಮದುವೆಗೆ ಮುಂಚಿನ ಪ್ರೀವೆಡ್ಡಿಂಗ್ ಶೂಟ್, ಹೆಚ್ಚಿನ ಆಲ್ಬಮ್, ಇವನ್ನು ಹಾಳೆಯ ಕೆಳಗೆ ಬೇರೆ ಬೆಲೆಯಲ್ಲಿ ಬರೆದಿದ್ದೇನೆ. ಬೇಕಾದವರು ಯಾವ ಪ್ಯಾಕೇಜಿಗಾದರೂ ಸೇರಿಸಿಕೊಳ್ಳಬಹುದು. ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಮುಂಗಡ ಎಷ್ಟು, ಊಟದ ಹೊತ್ತು ದಾಟಿದರೆ ಗಂಟೆಗೆ ಎಷ್ಟು ಎಂಬುದೂ ಅಲ್ಲೇ ಇದೆ.

ಕಳೆದ ವಾರ ಒಂದು ಮನೆಯವರು ಬಂದಿದ್ದರು. ದೇವಸ್ಥಾನದಲ್ಲಿ ಮದುವೆ, ನೂರೈವತ್ತು ಜನ, ಆರತಕ್ಷತೆ ಇಲ್ಲ. ಹುಡುಗಿಯ ಅಣ್ಣ ದೊಡ್ಡದನ್ನೇ ಮಾಡಿಸೋಣ ಎಂದ. ಆ ಪುಟ್ಟ ಪ್ರಾಂಗಣದಲ್ಲಿ ನಮ್ಮ ಐದಾರು ಜನ ನಿಂತರೆ ನೆಂಟರಿಗೇ ಮದುವೆ ಕಾಣುವುದಿಲ್ಲ, 'ಧಾರೆ' ಸಾಕು ಎಂದೆ. ಅಷ್ಟು ಹೊತ್ತೂ ಮಾತಾಡದೆ ಹಾಳೆಯನ್ನು ನೋಡುತ್ತಿದ್ದ ತಾಯಿ ಕೇಳಿದರು: "ನಾನು ಗಿಂಡಿ ಹಿಡಿದು ನೀರು ಬಿಡ್ತಿರ್ತೀನಲ್ಲಪ್ಪಾ, ಆಗ ನಮ್ಮ ಯಜಮಾನ್ರ ಮುಖ ಬರುತ್ತಾ?"

ಹಾಳೆಯ ಹಿಂಬದಿಯಲ್ಲಿ ಮಂಟಪದ ಚೌಕ ಬರೆದು, ಗಂಡಹೆಂಡತಿ ನಿಲ್ಲುವ ಜಾಗ, ಪುರೋಹಿತರ ಜಾಗ, ನಾನು ನಿಲ್ಲುವ ಜಾಗ ಗುರುತು ಹಾಕಿದೆ. ಎದುರು ಮೂಲೆಯಲ್ಲಿ ಇನ್ನೊಂದು ಚುಕ್ಕಿ ಇಟ್ಟು, "ಇಲ್ಲಿ ನಮ್ಮ ಹುಡುಗ ನಿಂತಿರ್ತಾನೆ ಅಮ್ಮಾ, ಅವನಿಗೆ ಯಜಮಾನ್ರ ಮುಖ ಒಂದೇ ಕೆಲಸ" ಎಂದೆ. ಅವರು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು, ಮುಂಗಡ ಕೊಡುವಂತೆ ಮಗನಿಗೆ ಹೇಳಿದರು.