ಮದುವೆಯಲ್ಲಿ ಓದುವ ವಚನ, ತ್ರಿಪದಿ, ಗಾದೆ: ಆಯ್ಕೆಯ ಬಗೆ

ಕಾಗಿಣಾ ದಂಡೆಯ ದಂಡೋತಿ, ಚಿತ್ತಾಪುರ, ಸೇಡಂ ಸೀಮೆಯ ಮದುವೆಗಳಲ್ಲಿ ಮೈಕ್ ಬೀಗರ, ಬಂಧುಗಳ ಕೈಗೂ ಹೋಗುತ್ತದೆ. ಸಾಂಪ್ರದಾಯಿಕ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಮುಂಚೆ ಮಂಗಲಾಷ್ಟಕ ಹೇಳುವುದುಂಟು. ಪುರೋಹಿತರ ಜೊತೆಗೆ ಕಂಠ ಚೆನ್ನಾಗಿರುವ ಬಂಧುವೊಬ್ಬರು ಎರಡು ನುಡಿ ಸೇರಿಸಿದರೆ ಯಾರೂ ಬೇಡ ಎನ್ನುವುದಿಲ್ಲ. ವಚನ ಕಲ್ಯಾಣದ ರೀತಿಯಲ್ಲಿ ನಡೆಯುವ ಲಿಂಗಾಯತ ಮದುವೆಗಳಲ್ಲಿ ಮಂತ್ರದ ಜಾಗವನ್ನು ವಚನವೇ ತುಂಬುತ್ತದೆ. ಅಲ್ಲಿ ಹಿರಿಯರನ್ನೋ ಗೆಳೆಯರನ್ನೋ ಕರೆದು ಒಂದೊಂದು ವಚನ ಓದಿಸುವುದಕ್ಕೆ ಅವಕಾಶ ಹೆಚ್ಚು. ಕನ್ನಡದ ಮಾತಿನಲ್ಲೇ ಮದುವೆ ನಡೆಸುವ ಇನ್ನೊಂದು ದಾರಿ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲಿ ನಡೆಯಿತು. ಅದರಲ್ಲಿ ಒಬ್ಬರು ಓದುತ್ತಾರೆ, ವಧೂವರರು ಕೇಳಿ ಒಪ್ಪಿ ನುಡಿಯುತ್ತಾರೆ.

ಓದಲು ಕೇಳಿಸಿಕೊಂಡವರು ಮೊದಲು ತಿಳಿಯಬೇಕಾದದ್ದು ಯಾವ ಗಳಿಗೆಯಲ್ಲಿ ಓದಬೇಕು ಎಂಬುದು. ಅಕ್ಕಿಕಾಳು ಹಂಚಿಯಾದ ಮೇಲೆ ಚಪ್ಪರದ ತುಂಬ ಜನ ಮುಷ್ಟಿ ಬಿಗಿಹಿಡಿದು ನಿಂತಿರುತ್ತಾರೆ, ಬಾಜಾದವರು ಸನ್ನೆಗೆ ಕಾದಿರುತ್ತಾರೆ. ಮಂಗಲಾಷ್ಟಕದ ಪ್ರತಿ ನುಡಿ ‘ಸಾವಧಾನ’ ಎಂದು ಮುಗಿದ ಕೂಡಲೇ ಕಾಳು ಎಸೆಯುವುದು ಅವರ ಕೈಗೆ ರೂಢಿ. ಆ ಹೊತ್ತಿನಲ್ಲಿ ಓದುವವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಂಡರೂ ಸಾಕು, ಕಾಳು ಬೀಳುತ್ತದೆ, ಬಾಜಾ ಶುರುವಾಗುತ್ತದೆ, ಉಳಿದ ಸಾಲು ಯಾರಿಗೂ ಕೇಳುವುದಿಲ್ಲ. ಆದ್ದರಿಂದ ಅರ್ಥ ತಿಳಿದು ಕೇಳಬೇಕಾದ ವಚನವನ್ನು ಕಾಳು ಹಂಚುವುದಕ್ಕೆ ಮೊದಲು, ಇಲ್ಲವೇ ಮಾಂಗಲ್ಯಧಾರಣೆ ಮುಗಿದು ವಧೂವರರು ಕುಳಿತ ಮೇಲೆ ಓದುವುದು ಒಳ್ಳೆಯದು. ಕಾಳಿನ ಗಳಿಗೆಯಲ್ಲೇ ಓದಬೇಕೆಂದು ಮನೆಯವರು ಹಟ ಹಿಡಿದರೆ ಒಂದೇ ಉಸಿರಿನಲ್ಲಿ ಮುಗಿಯುವ ಹಾರೈಕೆಯೇ ಆಗಬೇಕು. ಆರೇಳು ಸಾಲಿನ ವಚನ ನಿಧಾನವಾಗಿ ಓದಿದರೆ ಅರ್ಧ ನಿಮಿಷ ಹಿಡಿಯುತ್ತದೆ, ಅದಕ್ಕೆ ಎರಡು ವಾಕ್ಯದ ಅರ್ಥ ಸೇರಿದರೆ ಒಂದು ನಿಮಿಷ. ಊಟದ ಪಂಕ್ತಿ ಕಾದಿರುವ ಮದುವೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಸಿಗುವುದು ಅಪರೂಪ.

ಆಯ್ಕೆಯಲ್ಲಿ ಜನ ಸಾಮಾನ್ಯವಾಗಿ ಎಡವುವುದು ಪದ ನೋಡಿ ಆರಿಸುವುದರಿಂದ. ‘ಗಂಡ’, ‘ಸತಿ’, ‘ಚಪ್ಪರ’, ‘ಮದುವೆ’ ಎಂಬ ಪದ ಕಂಡ ಕೂಡಲೇ ಇದು ಮದುವೆಗೆ ಒಪ್ಪುತ್ತದೆ ಎನಿಸುತ್ತದೆ. ನಿಜಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಈ ಸಾಲುಗಳಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆ? ಸಾಲುಗಳು ಎಲ್ಲಿಗೆ ಹೋಗಿ ಮುಗಿಯುತ್ತವೆ?

ಮೊದಲ ಪ್ರಶ್ನೆಗೆ ಅಕ್ಕಮಹಾದೇವಿಯ ವಚನಗಳು ಸರಿಯಾದ ಉದಾಹರಣೆ. ವಜ್ರದ ಕಂಬ, ಹವಳದ ಚಪ್ಪರದ ಮದುವೆಯನ್ನು ವರ್ಣಿಸುವ ಆಕೆಯ ವಚನ ಕೇಳಲು ಬಲು ಸೊಗಸು. ಆದರೆ ಅಲ್ಲಿ ವರ ಚೆನ್ನಮಲ್ಲಿಕಾರ್ಜುನ. ಲೋಕದ ಮದುವೆಯನ್ನು ಬಿಟ್ಟು ನಡೆದವಳ ಮಾತು ಅದು. ಆಕೆಯ ಬೇರೆ ವಚನಗಳಲ್ಲಿ ಸಾವಿಗೂ ಕೇಡಿಗೂ ಒಳಗಾಗುವ ಗಂಡಂದಿರನ್ನು ಬೆಂಕಿಗೆ ನೂಕುವಷ್ಟು ಖಾರವಿದೆ. ವಚನ ಬಲ್ಲ ಹಿರಿಯರೊಬ್ಬರು ಸಭೆಯಲ್ಲಿದ್ದರೆ ವರನ ಮುಂದೆ ಆ ಕವಯಿತ್ರಿಯ ಮದುವೆಯ ವಚನ ಕೇಳಿ ಮುಜುಗರಪಡುತ್ತಾರೆ. ಅಕ್ಕನ ವಚನವೇ ಬೇಕೆಂದು ವಧುವಿನ ಆಸೆಯಾದರೆ ಗಂಡನ ಮಾತಿಲ್ಲದ, ಲೋಕದ ಹೊಗಳಿಕೆ ತೆಗಳಿಕೆಗಳ ನಡುವೆ ಸಮಾಧಾನದಿಂದ ಬಾಳುವ ಬಗೆ ಹೇಳುವ ವಚನವನ್ನು ಆರಿಸಬಹುದು. ಅದರ ಮಾತು ಹೊಸ ಮನೆಗೆ ಹೋಗುವವಳಿಗೂ ಬರುವವರನ್ನು ಕಾಯುವವರಿಗೂ ಒಂದೇ ರೀತಿ ತಾಗುತ್ತದೆ.

ಯಾರ ಮಾತು ಎಂಬ ಪ್ರಶ್ನೆ ಸರ್ವಜ್ಞನ ತ್ರಿಪದಿಗೂ ಬೇಕು. ಬೆಚ್ಚಗಿನ ಮನೆ, ಖರ್ಚಿಗೆ ಸಾಕಾಗುವಷ್ಟು ಹಣ, ಮನಸ್ಸರಿತು ನಡೆಯುವ ಹೆಂಡತಿ ಇದ್ದರೆ ಸ್ವರ್ಗವೂ ಬೇಡ ಎನ್ನುವ ಅವನ ತ್ರಿಪದಿ ಮದುವೆಯ ಮೈಕಿನಲ್ಲಿ ಬಹಳ ಕೇಳುತ್ತದೆ. ಮೂರೇ ಸಾಲು, ಬಾಯಿಪಾಠ, ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ಅದರ ಬಲ. ಆದರೆ ಪೂರ್ತಿ ಗಂಡಸಿನ ಕಡೆಯಿಂದ ಹೇಳಿದ ಮಾತು ಅದು, ಹೆಂಡತಿ ಮನೆ ಮತ್ತು ಹಣದ ಸಾಲಿನಲ್ಲಿ ಮೂರನೆಯ ಸೌಕರ್ಯವಾಗಿ ಬರುತ್ತಾಳೆ. ಪಕ್ಕದಲ್ಲಿ ಕುಳಿತ ವಧುವಿಗೆ ಅಲ್ಲಿ ಏನೂ ಸಿಗುವುದಿಲ್ಲ. ಜೊತೆಗೆ ಕೊನೆಯ ಸಾಲು ಸ್ವರ್ಗಕ್ಕೆ ಬೆಂಕಿ ಇಡುತ್ತದೆ. ಶುಭದ ಗಳಿಗೆಯಲ್ಲಿ ಬೆಂಕಿಯ ಮಾತು ಬೇಡವೆನ್ನುವ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಊಟದ ಹೊತ್ತಿನ ಹರಟೆಗೆ ಈ ತ್ರಿಪದಿ ಒಪ್ಪುತ್ತದೆ, ವಿಧಿಯ ನಡುವೆ ಅಷ್ಟಾಗಿ ಒಪ್ಪುವುದಿಲ್ಲ.

ಎಲ್ಲಿ ಮುಗಿಯುತ್ತದೆ ಎಂಬ ಎರಡನೆಯ ಪ್ರಶ್ನೆ ಜೇಡರ ದಾಸಿಮಯ್ಯನ ವಿಷಯದಲ್ಲಿ ಎದುರಾಗುತ್ತದೆ. ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು, ವೃತ್ತಿ ನೇಯ್ಗೆ, ಹೆಂಡತಿ ದುಗ್ಗಳೆಯೂ ವಚನ ಬರೆದವಳು. ಗಂಡಹೆಂಡಿರು ಒಮ್ಮನಸ್ಸಾಗಿ ಮಾಡುವ ಭಕ್ತಿಯೇ ಶಿವನಿಗೆ ಇಷ್ಟ ಎಂಬ ಅವನ ವಚನಕ್ಕಿಂತ ಮದುವೆಗೆ ಹೊಂದುವ ವಚನ ಹುಡುಕುವುದು ಕಷ್ಟ: ಚಿಕ್ಕದು, ಇಬ್ಬರನ್ನೂ ಸರಿಸಮ ನಿಲ್ಲಿಸುತ್ತದೆ, ಈ ಸೀಮೆಯದೇ ಆದ ದಂಪತಿಯ ಬಾಳು ಅದರ ಹಿಂದಿದೆ. ತೊಡಕು ಇರುವುದು ಉತ್ತರಾರ್ಧದಲ್ಲಿ. ಮನಸ್ಸು ಕೂಡದ ದಂಪತಿಯ ಭಕ್ತಿಯನ್ನು ಅಲ್ಲಿ ವಿಷ ಕಲೆತ ಅಮೃತಕ್ಕೆ ಹೋಲಿಸಲಾಗಿದೆ. ಅದನ್ನು ಬಿಟ್ಟು ಮೊದಲ ಅರ್ಧವನ್ನಷ್ಟೇ ಓದುವವರಿದ್ದಾರೆ, ಆಗ ವಚನದ ಕೊನೆಯಲ್ಲಿ ಬರಬೇಕಾದ ‘ರಾಮನಾಥ’ ಎಂಬ ಅಂಕಿತ ತಪ್ಪಿಹೋಗುತ್ತದೆ. ವಚನವನ್ನು ತುಂಡು ಮಾಡುವುದಕ್ಕಿಂತ ಪೂರ್ತಿ ಓದಿ, ಅರ್ಥ ಹೇಳುವಾಗ ಮೊದಲ ಅರ್ಧದ ಮೇಲೆ ಒತ್ತು ಕೊಡುವುದು ಮೇಲು. ಮನೆಯ ಹಿರಿಯರು ‘ವಿಷ’ ಎಂಬ ಪದವೇ ಕಿವಿಗೆ ಬೀಳಬಾರದು ಎಂದರೆ ಬೇರೆ ವಚನ ಹುಡುಕಬೇಕು.

ಒಂದು ಸಂದರ್ಭವನ್ನು ಹಿಡಿದು ನೋಡಿದರೆ ಈ ಎರಡು ಪ್ರಶ್ನೆಗಳು ಕೆಲಸ ಮಾಡುವ ಬಗೆ ತಿಳಿಯುತ್ತದೆ. ವಧು ದಂಡೋತಿಯವಳು, ವರ ಸೇಡಂ ಕಡೆಯವನು, ಓದಬೇಕಾದವರು ವಧುವಿನ ಸೋದರಮಾವ ಎಂದುಕೊಳ್ಳೋಣ. ಅವರ ಮನಸ್ಸು ಆಯ್ದಕ್ಕಿ ಲಕ್ಕಮ್ಮನ ವಚನದ ಮೇಲಿದೆ. ಲಕ್ಕಮ್ಮ, ಮಾರಯ್ಯ ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಅಲ್ಲಿನ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಕಳಿಸುತ್ತಾಳೆ. ಆಸೆ ಅರಸರಿಗಿರಲಿ, ಭಕ್ತರಿಗೇಕೆ ಎಂದು ಗಂಡನನ್ನು ತಿದ್ದುತ್ತಾಳೆ. ಯಾರ ಮಾತು? ಹೆಂಡತಿಯದು, ಗಂಡನಿಗೆ. ಕನ್ನಡದಲ್ಲಿ ಇಷ್ಟು ನೇರವಾದ, ಇಷ್ಟು ಹಳೆಯ ಸಮಬಾಳಿನ ಮಾತು ಇನ್ನೊಂದು ಸಿಗುವುದು ಅಪರೂಪ. ಆದರೆ ಕತೆ ತಿಳಿಯದವರಿಗೆ ಅದು ಬರೀ ಬೈಗುಳವಾಗಿ ಕೇಳುತ್ತದೆ. ಹಾಗಾಗಿ ವಚನಕ್ಕೆ ಮುಂಚೆ ಅಕ್ಕಿಯ ಕತೆಯನ್ನು ಎರಡು ವಾಕ್ಯದಲ್ಲಿ ಹೇಳಲೇಬೇಕು.

ಇನ್ನೊಂದು ಎಚ್ಚರಿಕೆ ಪುಸ್ತಕದಲ್ಲಿ ಸಿಗುವುದಿಲ್ಲ. ಮಾತುಕತೆಯ ಹೊತ್ತಿನಲ್ಲಿ ಬಂಗಾರದ ಬಗ್ಗೆಯೋ ಉಪಚಾರದ ಬಗ್ಗೆಯೋ ಎರಡು ಮನೆಗಳ ನಡುವೆ ಇರುಸುಮುರುಸು ಆಗಿದ್ದರೆ, ವಧುವಿನ ಸೋದರಮಾವ ದುರಾಸೆಯನ್ನು ಖಂಡಿಸುವ ವಚನ ಓದಿದಾಗ ಗಂಡಿನ ಕಡೆಯವರು ಅದನ್ನು ಚುಚ್ಚುಮಾತು ಎಂದೇ ತಿಳಿಯುತ್ತಾರೆ. ಅಂಥ ಮದುವೆಯಲ್ಲಿ ಸೋದರಮಾವ ದಾಸಿಮಯ್ಯನಿಗೆ ಮರಳುವುದೇ ಸರಿ. ಲಕ್ಕಮ್ಮನ ವಚನವನ್ನು ವರನ ಕಡೆಯ ಹಿರಿಯರೊಬ್ಬರು ಓದಲು ಒಪ್ಪಿದರೆ ಅದೇ ಮಾತಿಗೆ ಬೇರೆಯ ತೂಕ ಬರುತ್ತದೆ.

ಗಾದೆಗಳನ್ನು ಇನ್ನೂ ಹುಷಾರಾಗಿ ಆರಿಸಬೇಕು. ಮದುವೆಯ ಬಗ್ಗೆ ಇರುವ ಕನ್ನಡ ಗಾದೆಗಳಲ್ಲಿ ಬಹುಪಾಲು ಹಾರೈಕೆಯವಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಖರ್ಚಿನ ನಿಟ್ಟುಸಿರು. ಓದಿದರೆ ವಧುವಿನ ತಂದೆಯ ಸಾಲ ನೆನಪಾಗುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬುದು ನಗು ತರಿಸುತ್ತದೆ, ಆದರೆ ಮದುವೆಯ ದಿನವೇ ಜಗಳವನ್ನು ಮುಂದಿಡುತ್ತದೆ. ‘ತಾಳಿದವನು ಬಾಳಿಯಾನು’ ಎಲ್ಲರಿಗೂ ಹೇಳಿದ ಮಾತಾದರೂ ಮದುವೆ ಚಪ್ಪರದಲ್ಲಿ ವಧುವೊಬ್ಬಳ ಮೇಲೆಯೇ ಬೀಳುತ್ತದೆ. ಸಹಿಸಿಕೊಂಡು ಹೋಗು ಎಂಬ ಬುದ್ಧಿಮಾತನ್ನು ಆಕೆ ಆಗಲೇ ಹತ್ತು ಬಾಯಿಂದ ಕೇಳಿರುತ್ತಾಳೆ. ಅದಕ್ಕಿಂತ ಮದುವೆಯ ಸುದ್ದಿಯೇ ಇಲ್ಲದ ಗಾದೆಗಳು ಚೆನ್ನಾಗಿ ಒಪ್ಪುತ್ತವೆ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬುದು ಇಬ್ಬರಿಗೂ ಸೇರಿದ ಮಾತು, ಜೋಳ ತೊಗರಿಯ ಈ ನೆಲದವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದೂ ಹಾಗೆಯೇ. ಗಾದೆ ಒಂದೇ ಸಾಲಿನದಾದ್ದರಿಂದ ಅದನ್ನಷ್ಟೇ ಹೇಳಿ ಕೂತರೆ ಬೋಧನೆಯಾಗಿ ಉಳಿಯುತ್ತದೆ. ಅದರ ಹಿಂದೆಯೇ ವಧೂವರರ ಹೆಸರು ಹಿಡಿದು ಒಂದು ಹಾರೈಕೆ ಸೇರಿಸಬೇಕು: ಇಬ್ಬರ ದುಡಿಮೆಯೂ ಹೀಗೆ ತೆನೆ ತೆನೆಯಾಗಿ ಕೂಡಲಿ ಎಂದರೆ ಸಾಕು.

ಆರಿಸಿದ ಮೇಲೆ ಪಾಠ ಸರಿಯಿದೆಯೇ ಎಂದು ನೋಡಬೇಕು. ಮೊಬೈಲಿನಲ್ಲಿ ಓಡಾಡುವ ‘ವಚನ’ಗಳಲ್ಲಿ ಯಾರೋ ಇತ್ತೀಚೆಗೆ ಬರೆದು ಬಸವಣ್ಣನವರ ಹೆಸರು ಹಾಕಿದವು ಇವೆ. ಅಂಕಿತ ನೋಡುವುದು ಮೊದಲ ಪರೀಕ್ಷೆ: ಬಸವಣ್ಣನವರದಾದರೆ ಕೂಡಲಸಂಗಮದೇವ, ಲಕ್ಕಮ್ಮನದಾದರೆ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅಂಕಿತವೇ ಇಲ್ಲದಿದ್ದರೆ ಅನುಮಾನಿಸಬೇಕು. ಅಂಕಿತ ಇದ್ದರೂ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಒಮ್ಮೆ ಹುಡುಕಿ ಹೋಲಿಸಬೇಕು. ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ ಪಾಠವೂ ಚಲಾವಣೆಯಲ್ಲಿದೆ. ಅಂಥ ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಎರಡೂ ಪಾಠಕ್ಕೆ ಒಲಿದವರು ಒಂದೇ ಚಪ್ಪರದಲ್ಲಿ ಸೇರಬಹುದಾದ್ದರಿಂದ ಮನೆಯವರನ್ನು ಮೊದಲೇ ಕೇಳಿಕೊಳ್ಳುವುದು ಜಾಣತನ.

ಓದುವ ಹಾಳೆಯಲ್ಲಿ ಅಕ್ಷರ ದಪ್ಪವಾಗಿರಲಿ, ಪುಸ್ತಕದ ಸಾಲಿನಂತೆ ಬರೆಯದೆ ಉಸಿರು ನಿಲ್ಲುವಲ್ಲಿ ಸಾಲು ಮುರಿದಿರಲಿ. ಹಳೆಯ ರೂಪಗಳ ಸಂಧಿ ಬಿಡಿಸಿ ಗುರುತು ಹಾಕಿಕೊಂಡರೆ ನಾಲಿಗೆ ತೊದಲುವುದಿಲ್ಲ. ಚಪ್ಪರದ ಮೈಕಿನಲ್ಲಿ ಸದ್ದು ಮಾರ್ದನಿಸುವುದರಿಂದ ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಒಂದು ಸಾಲಿನ ಸದ್ದು ಅಡಗಿದ ಮೇಲೆ ಮುಂದಿನ ಸಾಲಿಗೆ ಹೋಗಬೇಕು. ಸೇಡಂ, ಚಿಂಚೋಳಿ ಕಡೆಯ ಮದುವೆಗೆ ತಾಂಡೂರಿನಿಂದ ತೆಲುಗು ಮಾತಿನ ಬೀಗರು ಬರುವುದು ಸಾಮಾನ್ಯ. ವಚನವನ್ನು ಕನ್ನಡದಲ್ಲೇ ಓದಿ, ಅರ್ಥದ ಎರಡು ವಾಕ್ಯವನ್ನು ಅವರ ಕಡೆಯವರೊಬ್ಬರಿಂದ ತೆಲುಗಿನಲ್ಲಿ ಹೇಳಿಸಬಹುದು. ವೇಮನನ ಪದ್ಯ ಬಲ್ಲವರು ಅವರಲ್ಲಿದ್ದರೆ ಆ ನಾಲ್ಕು ಸಾಲನ್ನೂ ಇದೇ ಎರಡು ಪ್ರಶ್ನೆಗಳಿಗೆ ಒಡ್ಡಿ ನೋಡಿ, ವಚನದ ನಂತರ ಓದಿಸಬಹುದು.