‘ಅಂಡ್’ ಸೇರಿದೊಡನೆ ಎಡವುವ ‘ಐ’ ಮತ್ತು ‘ಮೀ’

ಇಂಗ್ಲಿಷ್ ಅಲ್ಪಸ್ವಲ್ಪ ಬಲ್ಲವರೂ ‘ಹಿ ಕಾಲ್ಡ್ ಐ’ ಎಂದು ಹೇಳುವುದಿಲ್ಲ. ‘ಹಿ ಕಾಲ್ಡ್ ಮೀ’ ಎಂದೇ ಹೇಳುತ್ತಾರೆ. ಹಾಗೆಯೇ ‘ಮೀ ವೆಂಟ್’ ಎಂಬುದು ಹೈಸ್ಕೂಲ್ ಹುಡುಗನ ಕಿವಿಗೂ ಕರ್ಕಶವಾಗಿ ಕೇಳುತ್ತದೆ. ಆದರೆ ಅದೇ ವಾಕ್ಯಕ್ಕೆ ಇನ್ನೊಬ್ಬರು ಸೇರಿಕೊಳ್ಳಲಿ, ಚಿತ್ರ ಬದಲಾಗುತ್ತದೆ. ‘ಹಿ ಕಾಲ್ಡ್ ಕವಿತಾ ಅಂಡ್ ಐ’, ‘ಮೀ ಅಂಡ್ ಹಿಮ್ ವೆಂಟ್’, ‘ಬಿಟ್ವೀನ್ ಯೂ ಅಂಡ್ ಐ’ ಎಂಬ ಮಾತುಗಳು ಬೆಂಗಳೂರಿನ ಕಚೇರಿಗಳಲ್ಲೂ ಲಂಡನ್ನಿನ ಬೀದಿಗಳಲ್ಲೂ ಸರಾಗವಾಗಿ ಹೊರಡುತ್ತವೆ. ಒಂಟಿಯಾಗಿದ್ದಾಗ ಎಂದೂ ತಪ್ಪದ ಸರ್ವನಾಮ ಜೋಡಿಯಾದಾಗ ಮಾತ್ರ ತಪ್ಪುವುದೇಕೆ?

ಉತ್ತರದ ಒಂದು ಭಾಗ ಇಂಗ್ಲಿಷಿನ ಚರಿತ್ರೆಯಲ್ಲಿದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿಯ ಅಂತ್ಯಗಳಿದ್ದವು. ಯಾರು ಹೊಡೆದರು, ಯಾರಿಗೆ ಪೆಟ್ಟು ಬಿತ್ತು ಎಂಬುದನ್ನು ಪದದ ಕೊನೆಯೇ ತಿಳಿಸುತ್ತಿತ್ತು. ಕಾಲ ಕಳೆದಂತೆ ಈ ಅಂತ್ಯಗಳು ಸವೆದುಹೋದವು, ಅವುಗಳ ಕೆಲಸವನ್ನು ಪದಗಳ ಸ್ಥಾನ ವಹಿಸಿಕೊಂಡಿತು. ಇಂದು ಕ್ರಿಯಾಪದದ ಮುಂಚೆ ಬಂದವನು ಕರ್ತೃ, ನಂತರ ಬಂದವನು ಕರ್ಮ. ‘ಕವಿತಾ’ ಎಂಬ ಹೆಸರು ಎರಡೂ ಕಡೆ ‘ಕವಿತಾ’ ಆಗಿಯೇ ಉಳಿಯುತ್ತದೆ. ಹಳೆಯ ವ್ಯವಸ್ಥೆ ಉಳಿದಿರುವುದು ಕೆಲವೇ ಸರ್ವನಾಮಗಳಲ್ಲಿ: ಐ–ಮೀ, ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್, ಹೂ–ಹೂಮ್. ‘ಯೂ’ ಮತ್ತು ‘ಇಟ್’ ಯಾವ ಸ್ಥಾನದಲ್ಲೂ ರೂಪ ಬದಲಿಸುವುದಿಲ್ಲ. ಆದ್ದರಿಂದ ‘ಬಿಟ್ವೀನ್ ಯೂ ಅಂಡ್…’ ಎಂದು ಆರಂಭಿಸಿದವನಿಗೆ ಮುಂದೆ ಬರಬೇಕಾದ್ದು ಐ ಅಥವಾ ಮೀ ಎಂಬ ಸುಳಿವನ್ನು ‘ಯೂ’ ಕೊಡುವುದಿಲ್ಲ.

ಇನ್ನೊಂದು ಭಾಗ ಶಾಲೆಯಲ್ಲಿದೆ. ಇಂಗ್ಲಿಷ್ ಮಾತೃಭಾಷೆಯ ಮಕ್ಕಳು ಸಹಜವಾಗಿ ‘ಮೀ ಅಂಡ್ ಜಾನಿ ವೆಂಟ್’ ಎನ್ನುತ್ತಾರೆ. ಕೂಡಲೇ ದೊಡ್ಡವರು ‘ಜಾನಿ ಅಂಡ್ ಐ ಅನ್ನು’ ಎಂದು ತಿದ್ದುತ್ತಾರೆ. ತಿದ್ದಿದ್ದು ಸರಿಯೇ, ಆದರೆ ಕಾರಣ ಹೇಳಲಿಲ್ಲ. ಮಗು ಕಲಿತದ್ದು ‘ಕರ್ತೃವಿನ ಜಾಗದಲ್ಲಿ ಐ ಬರಬೇಕು’ ಎಂಬ ನಿಯಮವನ್ನಲ್ಲ, ‘ಅಂಡ್ ಮೀ ಎಂದರೆ ಒರಟು, ಅಂಡ್ ಐ ಎಂದರೆ ಸಭ್ಯ’ ಎಂಬ ಪಾಠವನ್ನು. ಮುಂದೆ ಆ ಮಗು ದೊಡ್ಡದಾಗಿ ಕಚೇರಿ ಸೇರಿ, ಗೌರವದಿಂದ ಬರೆಯಬೇಕಾದಾಗಲೆಲ್ಲ ‘ಅಂಡ್ ಐ’ಯನ್ನು ಆರಿಸಿಕೊಳ್ಳುತ್ತದೆ, ‘ಮೀ’ಯೇ ಬೇಕಾದ ಕಡೆಯೂ. ಸರಿಯಾಗಿರಬೇಕೆಂಬ ಆತಂಕದಿಂದಲೇ ಹುಟ್ಟುವ ಇಂಥ ತಪ್ಪನ್ನು ಭಾಷಾವಿಜ್ಞಾನಿಗಳು ‘ಹೈಪರ್‌ಕರೆಕ್ಷನ್’ ಎನ್ನುತ್ತಾರೆ, ಅಂದರೆ ಅತಿ ತಿದ್ದುಪಡಿ. ಬಿಲ್ ಕ್ಲಿಂಟನ್ 1992ರ ಚುನಾವಣಾ ಪ್ರಚಾರದಲ್ಲಿ ‘ಗಿವ್’ ಎಂಬ ಕ್ರಿಯಾಪದದ ನಂತರ ‘ಆಲ್ ಗೋರ್ ಅಂಡ್ ಐ’ ಎಂದಾಗ ಪತ್ರಿಕೆಗಳಲ್ಲಿ ಟೀಕೆ ಬಂತು. ‘ಗಿವ್ ಐ’ ಎಂದು ಅವರು ಎಂದೂ ಹೇಳುತ್ತಿರಲಿಲ್ಲ.

ಆದರೆ ಎಲ್ಲ ಹೊಣೆಯನ್ನೂ ಶಾಲೆಯ ಮೇಲೆ ಹಾಕುವಂತಿಲ್ಲ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ವೆನಿಸ್ಸಿನ ವ್ಯಾಪಾರಿ’ ನಾಟಕದಲ್ಲಿ ಆಂಟೋನಿಯೊ ತನ್ನ ಗೆಳೆಯನಿಗೆ ಬರೆಯುವ ಪತ್ರದಲ್ಲೇ ‘ಬಿಟ್ವೀನ್’ ಎಂಬುದರ ಮುಂದೆ ‘ಯೂ ಅಂಡ್ ಐ’ ಇದೆ. ಇಂಗ್ಲಿಷ್ ವ್ಯಾಕರಣದ ನಿಯಮಗಳನ್ನು ಶಾಲೆಗಳಿಗೆ ಒಯ್ದ ರಾಬರ್ಟ್ ಲೌತ್‌ನ ಪುಸ್ತಕ ಬಂದದ್ದು 1762ರಲ್ಲಿ, ಅದಕ್ಕೂ ಬಹಳ ತಡವಾಗಿ. ಹಾಗಾದರೆ ‘ಅಂಡ್’ ಎಂಬ ಪದದ ಸಹವಾಸದಲ್ಲೇ ಏನೋ ಇದೆ. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ 1994ರಲ್ಲಿ ಬರೆದ ‘ದ ಲ್ಯಾಂಗ್ವೇಜ್ ಇನ್‌ಸ್ಟಿಂಕ್ಟ್’ ಕೃತಿಯಲ್ಲಿ ಕ್ಲಿಂಟನ್ ಅವರ ಪರವಾಗಿ ವಾದಿಸಿದ್ದು ಇದನ್ನೇ. ಇಬ್ಬರು ಸೇರಿದಾಗ ಆ ಜೋಡಿ ಬಹುವಚನವಾಗುತ್ತದೆ, ಆದರೆ ಅದರೊಳಗಿನ ಒಬ್ಬೊಬ್ಬರೂ ಏಕವಚನವಾಗಿಯೇ ಉಳಿಯುತ್ತಾರೆ. ಜೋಡಿಯ ವಚನ ಒಳಗಿನವರಿಗೆ ಇಳಿಯದಿದ್ದರೆ, ಜೋಡಿಯ ವಿಭಕ್ತಿ ಮಾತ್ರ ಏಕೆ ಇಳಿಯಬೇಕು ಎಂಬುದು ಅವರ ಪ್ರಶ್ನೆ. ತರ್ಕ ಗಟ್ಟಿಯಾಗಿಯೇ ಇದೆ. ಆದರೂ ಬರಹದ ಇಂಗ್ಲಿಷು ಅದನ್ನು ಒಪ್ಪಿಲ್ಲ. ವಿಭಕ್ತಿ ಪ್ರತಿಯೊಬ್ಬರಿಗೂ ಇಳಿಯಬೇಕು ಎಂಬುದೇ ಅದರ ಕಟ್ಟಳೆ.

ಈ ಕಟ್ಟಳೆ ಕನ್ನಡಿಗರಿಗೆ ಹೊಸದಲ್ಲ. ‘ಕವಿತಾಗೂ ನನಗೂ ಕೊಟ್ಟರು’, ‘ಅವಳನ್ನೂ ನನ್ನನ್ನೂ ಕರೆದರು’, ‘ನಿನ್ನ ನನ್ನ ನಡುವೆ ಇರಲಿ’ ಎಂದು ನಾವು ಜೋಡಿಯಲ್ಲಿರುವ ಇಬ್ಬರಿಗೂ ವಿಭಕ್ತಿ ಹಚ್ಚುತ್ತೇವೆ. ‘ಅವಳನ್ನು ಮತ್ತು ನಾನು ಕರೆದರು’ ಎಂಬ ಮಾತು ಕನ್ನಡದ ಬಾಯಲ್ಲಿ ಹುಟ್ಟುವುದೇ ಇಲ್ಲ. ಈ ಅರಿವು ನಮ್ಮಲ್ಲಿರುವುದರಿಂದ ಇಂಗ್ಲಿಷಿನ ಈ ನಿಯಮ ನಮಗೆ ಬೇಗ ಹಿಡಿಯಬೇಕು.

ಆದರೆ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ನನಗೆ’ ಬಂದಲ್ಲೆಲ್ಲ ಇಂಗ್ಲಿಷಿನಲ್ಲಿ ‘ಮೀ’ ಹಾಕಿದರೆ ಕೆಡುತ್ತದೆ. ‘ನನಗೆ ಹಸಿವಾಗಿದೆ’, ‘ನನಗೆ ಗೊತ್ತು’, ‘ನನಗೆ ಬೇಕು’ ಎಂಬಲ್ಲಿ ಅನುಭವಿಸುವವನಿಗೆ ನಾವು ‘ಗೆ’ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಅವನೇ ಕರ್ತೃ: ‘ಐ ನೋ’, ‘ಐ ವಾಂಟ್’. ಹಾಗಾಗಿ ‘ಕವಿತಾಗೂ ನನಗೂ ಈ ವಿಷಯ ಗೊತ್ತು’ ಎಂಬುದು ಇಂಗ್ಲಿಷಿಗೆ ಹೋದಾಗ ‘ಕವಿತಾ ಅಂಡ್ ಐ ನೋ’ ಆಗಬೇಕು. ವಿಭಕ್ತಿಯ ಪ್ರಜ್ಞೆಯನ್ನು ಕನ್ನಡದಿಂದ ಒಯ್ಯಬಹುದು, ರೂಪದ ಆಯ್ಕೆಯನ್ನು ಇಂಗ್ಲಿಷಿನೊಳಗೇ ಮಾಡಿಕೊಳ್ಳಬೇಕು.

ಆ ಆಯ್ಕೆಗೆ ಒಂದು ಸುಲಭ ಪರೀಕ್ಷೆ ಇದೆ. ಜೊತೆಗಾರರನ್ನು ವಾಕ್ಯದಿಂದ ತೆಗೆದು, ಉಳಿದ ಸರ್ವನಾಮವನ್ನು ಒಂಟಿಯಾಗಿ ಓದಿ ನೋಡುವುದು. ಒಂಟಿ ಸರ್ವನಾಮದಲ್ಲಿ ನಮ್ಮ ಕಿವಿ ತಪ್ಪುವುದಿಲ್ಲವಲ್ಲ! ಕಟ್ಟಡ ಕಟ್ಟುವ ಕಂಪನಿಯೊಂದರ ಎಂಜಿನಿಯರು ತನ್ನ ಮೇಲಧಿಕಾರಿಗೆ ಇಂಥ ಮೇಲ್ ಬರೆದಿದ್ದಾನೆ ಎಂದುಕೊಳ್ಳಿ: ‘ಮೀ ಅಂಡ್ ಕವಿತಾ ವಿಸಿಟೆಡ್ ದ ಸೈಟ್. ದ ಓನರ್ ಗೇವ್ ಕವಿತಾ ಅಂಡ್ ಐ ಎ ನ್ಯೂ ಡ್ರಾಯಿಂಗ್. ಪ್ಲೀಸ್ ಕೀಪ್ ದಿಸ್ ಬಿಟ್ವೀನ್ ಯೂ ಅಂಡ್ ಐ. ಫಾರ್ ಡೀಟೇಲ್ಸ್, ಕಾಂಟ್ಯಾಕ್ಟ್ ಕವಿತಾ ಆರ್ ಮೈಸೆಲ್ಫ್.’ ಅರ್ಥವೇನೋ ಆಗುತ್ತದೆ, ಆದರೆ ನಾಲ್ಕು ವಾಕ್ಯಗಳಲ್ಲೂ ಸರ್ವನಾಮ ಜಾಗ ತಪ್ಪಿದೆ.

ಮೊದಲ ವಾಕ್ಯದಿಂದ ಕವಿತಾಳನ್ನು ತೆಗೆದರೆ ‘ಮೀ ವಿಸಿಟೆಡ್’ ಉಳಿಯುತ್ತದೆ. ಅಲ್ಲಿ ಬೇಕಾದ್ದು ‘ಐ’ ಎಂದು ತಕ್ಷಣ ತಿಳಿಯುತ್ತದೆ. ಆದ್ದರಿಂದ ‘ಕವಿತಾ ಅಂಡ್ ಐ ವಿಸಿಟೆಡ್’. ತನ್ನನ್ನು ಕೊನೆಗೆ ಹೇಳಿಕೊಳ್ಳುವುದು ಇಂಗ್ಲಿಷಿನ ಶಿಷ್ಟಾಚಾರ, ವ್ಯಾಕರಣದ ಮಾತಲ್ಲ. ‘ಐ ಅಂಡ್ ಕವಿತಾ’ ಎಂದರೆ ವಿಭಕ್ತಿ ಸರಿಯಾಗಿಯೇ ಇರುತ್ತದೆ, ನಯ ಮಾತ್ರ ಕಡಿಮೆ. ಎರಡನೆಯ ವಾಕ್ಯದಲ್ಲಿ ‘ಗೇವ್ ಐ’ ಉಳಿಯುತ್ತದೆ, ಅದು ‘ಗೇವ್ ಕವಿತಾ ಅಂಡ್ ಮೀ’ ಆಗಬೇಕು.

ಮೂರನೆಯ ವಾಕ್ಯದಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ‘ನಡುವೆ’ ಎನ್ನಲು ಇಬ್ಬರಾದರೂ ಬೇಕು. ಒಬ್ಬರನ್ನು ತೆಗೆದರೆ ‘ಬಿಟ್ವೀನ್ ಐ’ಯೂ ‘ಬಿಟ್ವೀನ್ ಮೀ’ಯೂ ಅರೆಬರೆಯಾಗಿ ಕೇಳುತ್ತವೆ, ಕಿವಿ ತೀರ್ಪು ಕೊಡಲಾರದು. ಈ ಮಾತಿನಲ್ಲೇ ಜನ ಹೆಚ್ಚು ಎಡವಲು ಇದೂ ಒಂದು ಕಾರಣವಿರಬೇಕು. ಇಲ್ಲಿ ಮಾಡಬೇಕಾದ್ದು ತೆಗೆಯುವುದಲ್ಲ, ಬದಲಿಸುವುದು. ಜೋಡಿಯ ಜಾಗದಲ್ಲಿ ‘ನಾವು’ ಎಂಬರ್ಥದ ಪದ ಇಟ್ಟು ನೋಡಿ. ‘ಬಿಟ್ವೀನ್ ಅಸ್’ ಸರಿ, ‘ಬಿಟ್ವೀನ್ ವಿ’ ತಪ್ಪು. ‘ಅಸ್’ ಒಪ್ಪುವಲ್ಲಿ ‘ಮೀ’, ‘ವಿ’ ಒಪ್ಪುವಲ್ಲಿ ‘ಐ’. ಹೀಗಾಗಿ ‘ಬಿಟ್ವೀನ್ ಯೂ ಅಂಡ್ ಮೀ’. ಬಿಟ್ವೀನ್, ಫಾರ್, ವಿತ್, ಟು, ಫ್ರಮ್ ಮುಂತಾದ ಎಲ್ಲ ಪ್ರಿಪೊಸಿಷನ್‌ಗಳ ಮುಂದೆಯೂ ಇದೇ ಲೆಕ್ಕ.

ನಾಲ್ಕನೆಯ ವಾಕ್ಯದ ‘ಮೈಸೆಲ್ಫ್’ ಇವೆಲ್ಲಕ್ಕಿಂತ ಹೆಚ್ಚಾಗಿ ಕಚೇರಿಗಳಲ್ಲಿ ಹಬ್ಬಿದೆ. ‘ಐ’ ಎಂದರೆ ತಪ್ಪೇನೋ, ‘ಮೀ’ ಎಂದರೆ ಒರಟೇನೋ ಎಂದು ಅನುಮಾನಿಸುವವರಿಗೆ ‘ಮೈಸೆಲ್ಫ್’ ಸುರಕ್ಷಿತವಾಗಿ ಕಾಣುತ್ತದೆ. ಉದ್ದದ ಪದವಾದ್ದರಿಂದ ಹೆಚ್ಚು ಗಂಭೀರವೆಂದೂ ಅನಿಸುತ್ತದೆ. ಆದರೆ ಬರಹದ ಇಂಗ್ಲಿಷಿನಲ್ಲಿ ಅದಕ್ಕೆ ಮುಖ್ಯವಾಗಿ ಎರಡೇ ಕೆಲಸ. ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ ಆಗಿದ್ದರೆ: ‘ಐ ಹರ್ಟ್ ಮೈಸೆಲ್ಫ್’, ನಾನು ಗಾಯ ಮಾಡಿಕೊಂಡೆ. ಕನ್ನಡದಲ್ಲಿ ಈ ಕೆಲಸವನ್ನು ಬಹುಪಾಲು ‘ಕೊಳ್ಳು’ ಮಾಡುತ್ತದೆ. ಇಲ್ಲವೇ ಒತ್ತಿ ಹೇಳಬೇಕಾದರೆ: ‘ಐ ಚೆಕ್ಡ್ ಇಟ್ ಮೈಸೆಲ್ಫ್’, ನಾನೇ ಪರೀಕ್ಷಿಸಿದೆ. ಎರಡೂ ಕಡೆ ‘ಐ’ ಅದೇ ವಾಕ್ಯದಲ್ಲಿ ಮೊದಲೇ ಕುಳಿತಿದೆ ಎಂಬುದನ್ನು ಗಮನಿಸಿ. ‘ಐ’ ಇಲ್ಲದ ವಾಕ್ಯದಲ್ಲಿ ‘ಮೈಸೆಲ್ಫ್’ ಕಂಡರೆ ಅನುಮಾನಿಸಬೇಕು. ‘ಕಾಂಟ್ಯಾಕ್ಟ್ ಕವಿತಾ ಆರ್ ಮೀ’ ಎಂದರೆ ಒರಟಲ್ಲ, ಅದೇ ನೇರವಾದ ಮಾತು. ‘ಮೈಸೆಲ್ಫ್ ಅಂಡ್ ಕವಿತಾ ವಿಲ್ ಅಟೆಂಡ್’ ಎಂಬುದಕ್ಕೂ ಅದೇ ಚಿಕಿತ್ಸೆ: ‘ಕವಿತಾ ಅಂಡ್ ಐ ವಿಲ್ ಅಟೆಂಡ್’.

ಸಂದರ್ಶನಗಳಲ್ಲಿ ಕೇಳಿಬರುವ ‘ಮೈಸೆಲ್ಫ್ ರಮೇಶ್’ ಎಂಬ ಪರಿಚಯವೂ ಇದೇ ಗುಂಪಿನದು. ‘ನಾನು ರಮೇಶ್’ ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ಣ, ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿಗೆ ‘ಆಮ್’ ಬೇಕೇ ಬೇಕು. ‘ಐ ಆಮ್ ರಮೇಶ್’ ಎಂದರೆ ಸಾಕು.

ಇಷ್ಟಾದರೂ ಎಲ್ಲ ಕಡೆ ಈ ನಿಯಮವನ್ನು ಬೀಸುವುದು ಸರಿಯಲ್ಲ. ‘ಮೀ ಅಂಡ್ ಹಿಮ್ ವೆಂಟ್’ ಎಂಬುದು ಬ್ರಿಟನ್, ಅಮೆರಿಕಗಳ ಮನೆಮಾತು. ಅದನ್ನಾಡುವವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಿಳಿಯುವುದು ಅವಿವೇಕ. ಬಾಗಿಲು ತಟ್ಟಿದಾಗ ‘ಇಟ್ಸ್ ಮೀ’ ಎನ್ನುವುದೂ ಇಂದು ಪೂರ್ತಿ ಸ್ವೀಕೃತ. ‘ಇಟ್ ಈಸ್ ಐ’ ಎಂದರೆ ಕೇಳಿದವರೇ ಬೆರಗಾದಾರು. ನಿಯಮ ಬೇಕಾಗುವುದು ಅರ್ಜಿ, ವರದಿ, ಕಚೇರಿಯ ಮೇಲ್‌ಗಳಂಥ ಔಪಚಾರಿಕ ಬರಹದಲ್ಲಿ. ಮೇಲ್ ಕಳಿಸುವ ಮುನ್ನ ‘ಅಂಡ್ ಐ’, ‘ಅಂಡ್ ಮೀ’, ‘ಮೈಸೆಲ್ಫ್’ ಎಂಬ ಮೂರನ್ನು ಹುಡುಕಿ, ಜೊತೆಗಾರರನ್ನು ತೆಗೆದು ಒಮ್ಮೆ ಓದಿಕೊಂಡರೆ ಕೆಲಸ ಮುಗಿಯಿತು.

ಮಕ್ಕಳಿಗೆ ಕಲಿಸುವವರು ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಮಗು ‘ಮೀ ಅಂಡ್ ರವಿ ವೆಂಟ್’ ಎಂದಾಗ ‘ರವಿ ಅಂಡ್ ಐ ಅನ್ನು’ ಎಂದಷ್ಟೇ ತಿದ್ದಿ ಬಿಡಬೇಡಿ. ‘ರವಿ ಬರಲಿಲ್ಲ ಅಂದುಕೋ, ಆಗ ಹೇಗೆ ಹೇಳ್ತೀಯ?’ ಎಂದು ಕೇಳಿ. ಮಗು ತಾನೇ ‘ಐ ವೆಂಟ್’ ಎನ್ನುತ್ತದೆ. ಆಮೇಲೆ ‘ಟೀಚರ್ ಕಾಲ್ಡ್ ರವಿ ಅಂಡ್…’ ಎಂದು ಆರಂಭಿಸಿ, ಅದೇ ಪ್ರಶ್ನೆ ಮತ್ತೆ ಕೇಳಿ. ಈ ಸಲ ‘ಮೀ’ ಬರುತ್ತದೆ. ಎರಡು ವಾಕ್ಯಗಳನ್ನೂ ಒಟ್ಟಿಗೆ ಕಲಿತ ಮಗು ‘ಮೀ’ಯನ್ನು ಕಂಡು ಹೆದರುವುದಿಲ್ಲ, ‘ಮೈಸೆಲ್ಫ್’ನ ಹಿಂದೆ ಅವಿತುಕೊಳ್ಳುವ ಅಗತ್ಯವೂ ಅದಕ್ಕೆ ಬರುವುದಿಲ್ಲ.